ಪ್ರೇಮವ್ವನ ಲೇಹ್ಯದ ಹದ

ನಮ್ಮ ಅತ್ತೆ ಪ್ರೇಮವ್ವ ಸುಳ್ಳು ಹೇಳುವವರಲ್ಲ. ನನಗೆ ತಲೆನೋವಾದದ್ದೇ ಅದು. ಸುಳ್ಳು ಹೇಳುವವರನ್ನು ಇವತ್ತಲ್ಲ ನಾಳೆ ಹಿಡಿಯಬಹುದು. ಖರೇ ಹೇಳುತ್ತಲೇ ಮೈಯೊಳಗೆ ಸಕ್ಕರೆ ಏರಿಸಿಕೊಳ್ಳುವವರನ್ನು ಎಲ್ಲಿ ಅಂತ ಹಿಡಿಯುವುದು?

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಸನ್ ಶುರುವಾಯಿತೆಂದರೆ ಊರಿಗೆ ಊರೇ ಕೆಮ್ಮುತ್ತದೆ. ಮಾರ್ಕೆಟ್ಟಿನಲ್ಲಿ ಚೀಲ ಸುರಿಯುವವರು, ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ಲಾರಿ ತುಂಬುವ ಹಮಾಲರು, ಎಲ್ಲರ ಗಂಟಲಲ್ಲೂ ಘಾಟು. ಅದೇ ಹೊತ್ತಿಗೆ ನೆಲ್ಲಿಕಾಯಿಯೂ ಬರುತ್ತದೆ. ಅತ್ತೆ ಮದುವೆಯಾಗಿ ಈ ಮನೆಗೆ ಬಂದ ವರ್ಷದಿಂದ ಹಿತ್ತಲ ತಗಡಿನ ಶೆಡ್ಡಿನಲ್ಲಿ ನೆಲ್ಲಿ ಲೇಹ್ಯ ಕಾಸುತ್ತ ಬಂದಿದ್ದಾರೆ. ಕೆಮ್ಮಿಗೆ, ನೆಗಡಿಗೆ, ಮೈಯಲ್ಲಿ ತಾಕತ್ತು ಉಳಿಯಲಿಕ್ಕೆ ಅಂತ ದಿನಾ ಬೆಳಿಗ್ಗೆ ಒಂದು ಚಮಚ ತಿನ್ನುವ ಮನೆಗಳು ಹಾವೇರಿಯಲ್ಲೂ ಇವೆ, ರಾಣೆಬೆನ್ನೂರಿನಲ್ಲೂ ಇವೆ. ಕೊರೋನಾ ಬಂದು ಹೋದ ಮೇಲಂತೂ ಅತ್ತೆಯ ಕೈಗೆ ಬಿಡುವೇ ಇಲ್ಲ. ಅಂಗಡಿಯ ಚ್ಯವನಪ್ರಾಶ ಬಿಟ್ಟು ಇಲ್ಲಿಗೆ ಬರುವವರಿದ್ದಾರೆ, ಅದಕ್ಕೆ ಕಾರಣ ಅತ್ತೆಯ ಹದ.

ಹದ ಎಂದರೆ ಅತ್ತೆಗೆ ದೇವರಿಗಿಂತ ಒಂದು ತೂಕ ಹೆಚ್ಚು. ನೆಲ್ಲಿಕಾಯಿ ಬೇಯಿಸಿ, ಬೀಜ ತೆಗೆದು, ತಿರುಳನ್ನು ಬಟ್ಟೆಯಲ್ಲಿ ತಿಕ್ಕಿ ನಾರು ಬಿಡಿಸಿ, ತುಪ್ಪ ಎಳ್ಳೆಣ್ಣೆಯಲ್ಲಿ ಕೆಂಪಗೆ ಹುರಿಯಬೇಕು. ಸಕ್ಕರೆ ಪಾಕ ಬೇರೆ. ತಿರುಳಿನಷ್ಟೇ ತೂಕದ ಸಕ್ಕರೆ, ಹುಳಿ ಜಾಸ್ತಿ ಇದ್ದರೆ ಇನ್ನೂ ಮೇಲೆ. ಎರಡನ್ನೂ ಕೂಡಿಸಿ ತಿರುವುತ್ತ ತಿರುವುತ್ತ ನೀರು ಹಿಂಗಬೇಕು. ಕಡೆಗೆ ಹಿಪ್ಪಲಿ, ಏಲಕ್ಕಿ, ದಾಲ್ಚಿನ್ನಿ ಪುಡಿ, ಆರಿದ ಮೇಲೆ ಜೇನು. ಬೇರೆಯವರು ಒಂದು ಹನಿಯನ್ನು ನೀರಿಗೆ ಬಿಟ್ಟು ಪರೀಕ್ಷೆ ಮಾಡುತ್ತಾರೆ. ಅತ್ತೆಗೆ ಅದು ಕಲಿಯುವವರ ಆಟ. ಅವರ ಪರೀಕ್ಷೆ ನಾಲಿಗೆಯ ಮೇಲೆ.

ಹತ್ತು ವರ್ಷದಿಂದ ಅವರಿಗೆ ಶುಗರ್ ಇದೆ. ಪಥ್ಯ ಮಾತ್ರ ಕಟ್ಟುನಿಟ್ಟು. ಚಹಾಕ್ಕೆ ಸಕ್ಕರೆ ಇಲ್ಲ. ಊಟಕ್ಕೆ ಎರಡು ಜೋಳದ ರೊಟ್ಟಿ, ಪಲ್ಯ, ಮೊಸರು. ಮದುವೆ ಮನೆಯಲ್ಲಿ ಎಲೆಗೆ ಬಂದ ಹೋಳಿಗೆಯನ್ನು ಪಕ್ಕದವರ ಎಲೆಗೆ ದಾಟಿಸುತ್ತಾರೆ. ತಾವೇ ಕಾಸಿದ ಲೇಹ್ಯವನ್ನು ಚಮಚದಲ್ಲಿ ತೆಗೆದು ತಿಂದದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಇಷ್ಟೆಲ್ಲ ಇದ್ದೂ ಈ ಚಳಿಗಾಲ ಅವರ ಕಾಲಿನ ಬೆರಳು ಕಪ್ಪಾಗತೊಡಗಿತು.

ಅದನ್ನು ಮೊದಲು ನೋಡಿದವಳು ನಾನೇ. ಎಡಗಾಲಿನ ಕಿರುಬೆರಳ ಮೇಲೆ ಕುದಿಯುವ ಪಾಕ ಸಿಡಿದು ಬೊಕ್ಕೆ ಎದ್ದು, ಒಡೆದು, ಕೀವು ಕಟ್ಟಿತ್ತು.

"ಅತ್ತಿ, ಇದೇನ್ರಿ ಇದು? ಯಾವಾಗ ಸುಟ್ಕೊಂಡ್ರಿ?"

ಅವರು ಬಗ್ಗಿ ನೋಡಿದರು. "ಅಯ್ಯ, ಹೌದಲ್ಲ. ಯಾವಾಗ ಆಗೇತೋ ಏನೋ."

"ಉರಿ ಆಗ್ಲಿಲ್ಲೇನ್ರಿ?"

"ಇಲ್ಲ ಬಿಡು. ನನ್ನ ಕಾಲು ಗಟ್ಟಿ ಅದಾವು."

ಗಟ್ಟಿ ಅಂತ ಅವರು ಹೆಮ್ಮೆಯಿಂದಲೇ ಹೇಳಿದರು. ಹಾವೇರಿಗೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರಮ್ಮ ಪುಷ್ಪಲತಾ ಆ ಮಾತು ಕೇಳಿ ಮುಖ ಸಣ್ಣದು ಮಾಡಿದರು. ಪಾದಕ್ಕೆ ತೆಳ್ಳನೆಯ ದಾರದಂಥದ್ದು ತಾಗಿಸಿ "ಗೊತ್ತಾತೇನ್ರಿ? ಈಗ?" ಅಂತ ಕೇಳಿದರು. ಅತ್ತೆ ಒಂದಕ್ಕೂ ಹೂಂ ಅನ್ನಲಿಲ್ಲ. ಸಕ್ಕರೆಯಿಂದ ಕಾಲಿನ ನರ ಸತ್ತಿವೆ, ಅದಕ್ಕೇ ಸುಟ್ಟದ್ದು ಗೊತ್ತಾಗಿಲ್ಲ ಎಂದರು ಡಾಕ್ಟರಮ್ಮ. ರಕ್ತದ ಪರೀಕ್ಷೆ ಬಂತು. ಮನೆಯ ಶುಗರ್ ಮಷೀನಿನಲ್ಲಿ ನಾನು ದಿನಾ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ನೋಡುವಾಗ ನೂರಾ ನಲವತ್ತರ ಆಚೀಚೆ ಇರುತ್ತಿತ್ತು. ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆ ಮಾತ್ರ, ಏಳರ ಆಸುಪಾಸು ಇರಬೇಕಾದದ್ದು, ಹತ್ತು ದಾಟಿತ್ತು.

"ಬೆಳಿಗ್ಗೆ ಇಷ್ಟು ಕಡಿಮಿ ಇದ್ದು, ಸರಾಸರಿ ಇಷ್ಟು ಏರೇತಿ ಅಂದ್ರ ಹಗಲೊತ್ತು ಎಲ್ಲಿಂದೋ ಸಕ್ಕರಿ ಹೋಗಾಕತ್ತೇತಿ," ಎಂದರು ಡಾಕ್ಟರಮ್ಮ. "ನೀವು ಲೇಹ್ಯ ಮಾಡ್ತೀರಂತಲ್ಲ. ಅದನ್ನ ತಿಂತೀರೇನು?"

"ವೀರಭದ್ರನ ಆಣಿ, ಒಂದು ಚಮಚಾನೂ ತಿನ್ನಂಗಿಲ್ರಿ," ಎಂದರು ಅತ್ತೆ.

ಡಾಕ್ಟರಮ್ಮ ಬೆಳಗಿನ ಗುಳಿಗೆಯನ್ನು ಜೋರಿನದು ಮಾಡಿದರು. ಅದು ಸಕ್ಕರೆಯನ್ನು ಎಳೆದು ಇಳಿಸುವ ಗುಳಿಗೆ, ಬೆವರು, ನಡುಕ, ಮಾತು ತೊದಲುವುದು ಕಂಡರೆ ತಡಮಾಡದೆ ಸಕ್ಕರೆ ನೀರು ಕುಡಿಸಬೇಕು ಅಂತ ನನಗೆ ಎರಡೆರಡು ಸಲ ಹೇಳಿದರು. ಆಮೇಲೆ ನನ್ನೊಬ್ಬಳನ್ನೇ ಹೊರಗೆ ಕರೆದು, ಬರುವ ಅಮವಾಸ್ಯೆಯೊಳಗೆ ಸಕ್ಕರೆ ಹಿಡಿತಕ್ಕೆ ಬಾರದಿದ್ದರೆ ಹುಬ್ಬಳ್ಳಿಗೆ ಕಳಿಸುವುದಾಗಿ ಹೇಳಿದರು. ಅಲ್ಲಿ ಬೆರಳು ತೆಗೆಯುತ್ತಾರೆ, ಕಪ್ಪು ಮೇಲೇರಿದ್ದರೆ ಬೆರಳಿಗೇ ನಿಲ್ಲುವುದಿಲ್ಲ.

ಮನೆಗೆ ಬಂದವಳೇ ನಾನು ಪೊಲೀಸಾದೆ. ತುಂಬಿಟ್ಟ ಲೇಹ್ಯದ ಡಬ್ಬಿಗಳನ್ನೆಲ್ಲ ಟ್ರಂಕಿಗೆ ಹಾಕಿ ಬೀಗ ಜಡಿದು, ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡೆ. ಬೆಲ್ಲದ ಡಬ್ಬಿ ಅಟ್ಟ ಸೇರಿತು. ಗಂಡ ಸಿದ್ದೇಶ ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿ ಕೆಲಸಕ್ಕೆ ಹೋಗುವವನು. ಸಂಜೆ ಬಂದು ಈ ಸಂಭ್ರಮ ನೋಡಿ, "ನಮ್ಮವ್ವ ಕಳ್ಳಿ ಅಲ್ಲಲೇ," ಎಂದ. "ಹಂಗಾರ ಸಕ್ಕರಿ ಹಾರಿ ಬಂದು ಹೊಟ್ಟಿ ಸೇರೇತೇನ್ರಿ?" ಎಂದೆ. ಆತ ಕೈಕಾಲು ತೊಳೆಯಲು ಹೋದ. ತಾಯಿಯ ಪರ ಮಾತಾಡುವುದು ಅಷ್ಟಕ್ಕೇ ಮುಗಿಯುತ್ತದೆ.

ಅತ್ತೆ ಮಾತ್ರ ಮನಸ್ಸಿಗೆ ಹಚ್ಚಿಕೊಂಡರು. ಎರಡು ರೊಟ್ಟಿ ತಿನ್ನುವವರು ಒಂದಕ್ಕೆ ಇಳಿದರು. ಕಾಲಿಗೆ ಪಟ್ಟಿ ಸುತ್ತಿಕೊಂಡು, ಕುರ್ಚಿ ಹಾಕಿಕೊಂಡು, ಒಲೆಯ ಮುಂದೆ ಮಾತ್ರ ದಿನಾ ಕೂತರು. ಬೇಡವೆಂದರೆ ಕೇಳಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಮಷೀನಿನಲ್ಲಿ ನೋಡಿದೆ, ಮುನ್ನೂರು ದಾಟಿತ್ತು. ನನಗೆ ತಲೆ ಕೆಟ್ಟುಹೋಯಿತು.

"ಅತ್ತಿ, ಖರೇ ಹೇಳ್ರಿ. ಎಲ್ಲಿ ಬಚ್ಚಿಟ್ಟೀರಿ? ಕಾಲು ಹೋದ್ರ ಯಾರು ಮಾಡವ್ರು? ನಾನ ಮಾಡಬೇಕಲ್ಲ!"

ಅನ್ನಬಾರದ್ದನ್ನು ಅಂದುಬಿಟ್ಟೆ. ನೆಲ್ಲಿಕಾಯಿ ಆರಿಸಲು ಬಂದಿದ್ದ ಓಣಿಯ ಹೆಂಗಸರ ಮುಂದೆ ಅಂದೆ. ಅತ್ತೆ ಕೈಯಲ್ಲಿದ್ದ, ಪಾಕ ತಿರುವುವ ಹುಟ್ಟನ್ನು ಪಾತ್ರೆಯ ಅಂಚಿಗೆ ಒರಗಿಸಿ ನನ್ನನ್ನೇ ನೋಡಿದರು. "ನನ್ನ ಬಾಯಿ ಮ್ಯಾಲ ನನಗ ಹಿಡಿತ ಐತಿ ನಾಗಲಕ್ಷ್ಮಿ. ನಿನ್ನ ಬಾಯಿ ಮ್ಯಾಲ ನಿನಗ ಐತೇನ ನೋಡ್ಕೋ," ಎಂದರು. ಆಮೇಲೆ ಎರಡು ದಿನ ತಮ್ಮ ರೊಟ್ಟಿ ತಾವೇ ಬಡಿದುಕೊಂಡರು.

ಅಮವಾಸ್ಯೆ ಬಂತು. ನಮ್ಮ ಮನೆಯಲ್ಲಿ ಅಮವಾಸ್ಯೆ ದಿನ ಪಾಕ ಇಡುವುದಿಲ್ಲ. ಅತ್ತೆಯ ಅತ್ತೆಯ ಕಾಲದಿಂದ ಬಂದ ಕಟ್ಟು ಅದು. ಸೀಸನ್ನಿನಲ್ಲಿ ಹಿತ್ತಲ ಒಲೆ ತಣ್ಣಗಿರುವುದು ಆ ದಿನ ಒಂದೇ, ಹಾಗಾಗಿ ಡಾಕ್ಟರ ಕಡೆ ಹೋಗಲಿಕ್ಕೂ ಅದೇ ದಿನ. ಅತ್ತೆ ಬೆಳಿಗ್ಗೆ ಗುಳಿಗೆ ನುಂಗಿ, ಒಂದು ರೊಟ್ಟಿ ತಿಂದು, ಡಾಕ್ಟರಮ್ಮನಿಗೆ ಕೊಡಲು ಹಿಂದಿನ ದಿನ ಕಾಸಿದ ಲೇಹ್ಯದ ಒಂದು ಡಬ್ಬಿ ಕೇಳಿದರು. ಖಾಲಿ ಕೈಯಲ್ಲಿ ಹೋಗಬಾರದಂತೆ. ನಾನು ಬೀಗ ತೆಗೆದು ಕೊಟ್ಟೆ. ಕೊಡುವಾಗ ಮುಚ್ಚಳ ಗಟ್ಟಿ ಇದೆಯೇ ಅಂತ ತಿರುವಿ ನೋಡಿ, ನನ್ನ ಚೀಲದಲ್ಲೇ ಇಟ್ಟುಕೊಂಡೆ. ಅತ್ತೆ ಅದನ್ನೂ ನೋಡಿದರು.

ಬಸ್ಸು ಹೊತ್ತಾಗಿ ಬಂತು. ಕಿಟಕಿಯ ಪಕ್ಕ ಕೂತ ಅತ್ತೆ ಮೊದಲು ಹೊರಗಿನ ಹೊಲ ನೋಡುತ್ತಿದ್ದರು. ಮೋಟೆಬೆನ್ನೂರಿನ ಹತ್ತಿರ ಬರುವಾಗ ಸೆರಗಿನಿಂದ ಹಣೆ ಒರೆಸಿಕೊಳ್ಳತೊಡಗಿದರು. ಆ ಚಳಿಯಲ್ಲಿ ಕುಪ್ಪಸದ ಬೆನ್ನು ತೊಯ್ದಿತ್ತು. "ಅತ್ತಿ, ಸೆಕಿ ಆಗಾಕತ್ತೇತೇನ್ರಿ?" ಎಂದರೆ, "ಒಲಿ ಉರಿ ತಗೀ," ಎಂದರು. ಸಿಟ್ಟಿಗೆ ಏನೋ ಅನ್ನುತ್ತಿದ್ದಾರೆ ಅಂದುಕೊಂಡೆ. ಮರುಕ್ಷಣ ತಲೆ ಕಿಟಕಿಯ ಸರಳಿಗೆ ಬಡಿಯಿತು. ಕೈ ಹಿಡಿದರೆ ತಣ್ಣಗೆ, ಬೆರಳು ನಡುಗುತ್ತಿದ್ದವು.

ಡಾಕ್ಟರಮ್ಮ ಹೇಳಿದ್ದು ನೆನಪಾಯಿತು. ಸಕ್ಕರೆ ಇಳಿದಿದೆ. ಸಕ್ಕರೆ ಕೊಡಬೇಕು. ಆದರೆ ಕೈ ಏಳಲೇ ಇಲ್ಲ. ಇಷ್ಟು ದಿನ ಬೀಗ ಹಾಕಿ ಕಾದದ್ದೇ ಸಕ್ಕರೆಯನ್ನು. ಮೊನ್ನೆ ಮುನ್ನೂರು ದಾಟಿದ ಮೈಯಲ್ಲಿ ಇವತ್ತು ಇಳಿಯುವುದೆಂದರೇನು? ತಪ್ಪಿ ಕೊಟ್ಟು ಏನಾದರೂ ಆದರೆ?

"ಕಂಡಕ್ಟರ್, ಬಸ್ ನಿಂದ್ರಿಸ್ರಿ! ಯಾರ ಹತ್ರರ ಸಕ್ಕರಿ ಐತೇನ್ರಿ?"

ಬಸ್ಸಿನಲ್ಲಿ ಸಕ್ಕರೆ ಯಾರು ಇಟ್ಟುಕೊಂಡಿರುತ್ತಾರೆ? ಕಂಡಕ್ಟರ್ ಸೀಟಿ ಊದಿದ. ಮುಂದೆ ಕ್ರಾಸಿನಲ್ಲಿ ಚಹಾದಂಗಡಿ ಇದೆ, ಅಲ್ಲಿಗೇ ಹೊಡಿ ಅಂತ ಡ್ರೈವರಿಗೆ ಕೂಗಿದ. ಅಲ್ಲಿಯವರೆಗೆ ತಡೆಯುವಂತಿರಲಿಲ್ಲ. ಚೀಲದಿಂದ ಡಬ್ಬಿ ತೆಗೆದೆ. ಅತ್ತೆಗೆ ಇನ್ನೂ ಎಚ್ಚರವಿತ್ತು, ಉಗುಳು ನುಂಗುತ್ತಿದ್ದರು. ಬೆರಳಿಗೆ ಸ್ವಲ್ಪ ಲೇಹ್ಯ ತಗೊಂಡು ನಾಲಿಗೆಗೆ ಸವರಿದೆ. ಮತ್ತೆ ಸವರಿದೆ. ಕಣ್ಣು ಮುಚ್ಚಿದ್ದ ಅತ್ತೆ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಒಂದು ಕ್ಷಣ ತಡೆದು, ತುಟಿಯನ್ನು ಎಡಕ್ಕೆ ಸೊಟ್ಟ ಮಾಡಿದರು.

"ಇನ್ನೊಂದ್ ಕುದಿ... ಬೇಕಾಗಿತ್ತು," ಎಂದರು.

ಚಹಾದಂಗಡಿಯವನು ಲೋಟದಲ್ಲಿ ಸಕ್ಕರೆ ಕದಡಿ ಓಡಿ ಬಂದು ಕಿಟಕಿಯಲ್ಲೇ ಕೊಟ್ಟ. ಗುಟುಕು ಗುಟುಕಾಗಿ ಕುಡಿಸಿದೆ. ಹಾವೇರಿ ಬರುವಷ್ಟರಲ್ಲಿ ಅತ್ತೆ ಸೆರಗು ಸರಿಮಾಡಿಕೊಂಡು, ಎಲ್ಲರೂ ಯಾಕೆ ತಮ್ಮನ್ನೇ ನೋಡುತ್ತಿದ್ದಾರೆ ಅಂತ ಕೇಳಿದರು. ನಾನು ಮಾತ್ರ ಆ ಸೊಟ್ಟ ತುಟಿಯನ್ನೇ ನೆನೆಸಿಕೊಳ್ಳುತ್ತಿದ್ದೆ. ಆ ಮುಖವನ್ನು ನಾನು ದಿನಾ ನೋಡುತ್ತೇನೆ. ಒಲೆಯ ಮುಂದೆ, ಹುಟ್ಟಿನ ತುದಿಯಿಂದ ಬೆರಳಿಗೆ, ಬೆರಳಿನಿಂದ ನಾಲಿಗೆಗೆ, ಆಮೇಲೆ ಆ ಸೊಟ್ಟ ತುಟಿ. ಮದುವೆಯಾಗಿ ಬಂದಾಗಿನಿಂದ ನೋಡಿದ್ದೇನೆ. ಓಣಿಯವರೆಲ್ಲ ನೋಡಿದ್ದಾರೆ. ಅದನ್ನು ತಿನ್ನುವುದು ಅಂತ ಯಾರೂ ಎಣಿಸಿರಲಿಲ್ಲ.

ಡಾಕ್ಟರಮ್ಮ ಬೆರಳು ಚುಚ್ಚಿ ನೋಡಿದರು. ಅಷ್ಟು ಸಕ್ಕರೆ ನೀರು ಕುಡಿದ ಮೇಲೂ ಎಂಬತ್ತು ಮುಟ್ಟಿರಲಿಲ್ಲ. ಈ ಗುಳಿಗೆಯ ಜೋರು ಇಳಿಯುವ ತನಕ ಮತ್ತೆ ಬೀಳಬಹುದು, ಸಂಜೆಯವರೆಗೆ ಇಲ್ಲೇ ಇರಲಿ ಅಂತ ಮಂಚಕ್ಕೆ ಮಲಗಿಸಿದರು.

"ಇವತ್ತು ಏನು ಬ್ಯಾರೆ ಮಾಡೀರಿ? ಗುಳಿಗಿ ಎರಡೆರಡು ಸಲ ತಗೊಂಡಿಲ್ಲಲ್ಲ?"

"ಇಲ್ರಿ ಮೇಡಂ. ಅದ ಗುಳಿಗಿ, ಅದ ರೊಟ್ಟಿ," ಎಂದೆ. "ಇವತ್ತು ಅಮಾಸಿ. ಲೇಹ್ಯದ ಒಲಿ ಹಚ್ಚಿಲ್ಲ, ಅಷ್ಟ. ಉಳಿದ ದಿನ ಒಲಿ ಮುಂದ ಕುಂತು ಹದ ನೋಡ್ತಾರ್ರಿ. ನಾಲಿಗಿ ಮ್ಯಾಲ."

ಡಾಕ್ಟರಮ್ಮ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಅತ್ತೆ ಮಂಚದ ಮೇಲೆ ಎದ್ದು ಕೂತರು.

"ಅದು ತಿನ್ನೂದಲ್ರಿ ಡಾಕ್ಟರ್ ಬಾಯಾರ! ಹದ ನೋಡೂದು. ನೋಡಲಿಲ್ಲಂದ್ರ ಲೇಹ್ಯ ಹೆಂಗ ಇಳಸೂದು?"

"ಒಂದು ಪಾತ್ರಿಗೆ ಎಷ್ಟು ಸಲ ನೋಡ್ತೀರಿ?"

"ಅದನ್ನ ಯಾರು ಎಣಸ್ತಾರ್ರಿ?"

ಡಾಕ್ಟರಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಅತ್ತೆ ಗೆಲ್ಲುತ್ತಿದ್ದರು. ಹದ ನೋಡದ ದಿನ ಇಷ್ಟು ಜೋರಿನ ಗುಳಿಗೆ ಮೈ ತಡೆಯದು ಅಂತ ಅದನ್ನು ಮೊದಲಿನ ಜೋರಿಗೆ ಇಳಿಸಿ, ಊಟ ಬಿಡಬೇಡಿ ಎಂದರು. ಆಮೇಲೆ ಒಂದೇ ಒಂದು ಕೆಲಸ ಹಚ್ಚಿದರು. ನಾಳೆ ಲೇಹ್ಯ ಕಾಸುವಾಗ ಒಂದು ಬಟ್ಟಲು ಪಕ್ಕಕ್ಕೆ ಇಟ್ಟುಕೊಳ್ಳಬೇಕು. ನೋಡಬೇಕು ಅನ್ನಿಸಿದಾಗಲೆಲ್ಲ ಎಂದಿನಷ್ಟೇ ತೆಗೆಯಬೇಕು, ಬಾಯಿಗೆ ಹಾಕದೆ ಬಟ್ಟಲಿಗೆ ಹಾಕಬೇಕು. "ಬಾಯಾಗ ಇಟ್ಟು ಉಗುಳಿದ್ರ?" ಅಂತ ನಾನು ಕೇಳಿದೆ. ಅತ್ತೆ ಕಿವಿ ಮುಚ್ಚಿಕೊಂಡರು. ಔಷಧವನ್ನು ಉಗುಳಿದರೆ ಅದು ಯಾರಿಗೂ ಹತ್ತುವುದಿಲ್ಲವಂತೆ.

ಮರುದಿನ ಒಲೆ ಹಚ್ಚಿದೆವು. ಅತ್ತೆಯ ಕುರ್ಚಿ ಉರಿಯಿಂದ ದೂರ, ಕಾಲು ಸ್ಟೂಲಿನ ಮೇಲೆ. ತಿರುವುವವಳು ನಾನು. ಪಕ್ಕದಲ್ಲಿ ಸ್ಟೀಲಿನ ಬಟ್ಟಲು. ಪಾಕ ಕೂಡಿಸಿದ ಕೂಡಲೇ ಅತ್ತೆ ಹುಟ್ಟು ಈಸಿಕೊಂಡರು, ಬೆರಳು ಬಳಿದರು. ಬೆರಳು ತುಟಿಯವರೆಗೆ ಹೋಯಿತು. ನಾನು ಕೆಮ್ಮಿದೆ. ಬೆರಳು ಬಟ್ಟಲಿಗೆ ಇಳಿಯಿತು. ಸ್ವಲ್ಪ ಹೊತ್ತಿಗೆ ಮತ್ತೆ. ಹುಳಿ ಕೂಡಿತೇ ಅಂತ ಒಮ್ಮೆ, ನೀರು ಹಿಂಗಿತೇ ಅಂತ ಒಮ್ಮೆ, ತುಪ್ಪ ಬಿಟ್ಟಿತೇ ಅಂತ ಒಮ್ಮೆ, ಹಿಪ್ಪಲಿ ಹಾಕುವ ಮೊದಲು, ಹಾಕಿದ ಮೇಲೆ. ನಡುನಡುವೆ ಯಾವ ಕಾರಣವೂ ಇಲ್ಲದೆ. ಪ್ರತಿ ಸಲವೂ ಕೈ ಬಾಯಿಯ ಕಡೆಗೇ ಹೋಗಿ ತಿರುಗುತ್ತಿತ್ತು. ಪಾತ್ರೆ ಇಳಿಸಿ ತಳ ಬಳಿಯುವಾಗಲೂ ಅವರ ಬೆರಳು ಸುಮ್ಮನಿರಲಿಲ್ಲ.

ಎಲ್ಲ ಮುಗಿದ ಮೇಲೆ ಬಟ್ಟಲನ್ನು ಅವರ ತೊಡೆಯ ಮೇಲೆ ಇಟ್ಟೆ. ಅಂಚಿನವರೆಗೆ ತುಂಬಿತ್ತು. ಅತ್ತೆ ಅದನ್ನು ಓರೆಮಾಡಿ ನೋಡಿದರು.

"ಇಷ್ಟು ನಾ ತಿಂತಿದ್ನೇನ?"

ಸೀಸನ್ನಿನಲ್ಲಿ ದಿನಕ್ಕೆ ಎರಡು ಪಾತ್ರೆ ಇಡುತ್ತೇವೆಂದು ನಾನು ನೆನಪು ಮಾಡಲಿಲ್ಲ. ಅವರಿಗೇ ಗೊತ್ತಿತ್ತು.

"ಇದರಾಗ ಅರ್ಧಕ್ಕಿಂತ ಜಾಸ್ತಿ ಸಕ್ಕರಿ," ಎಂದರು. "ನಾನ ತೂಗಿ ಹಾಕೇನಿ." ಸೆರಗು ಕಣ್ಣಿಗೆ ಒತ್ತಿಕೊಂಡರು. ನನಗೂ ಅಳು ಬಂತು. ಸೆರಗಿನ ತುದಿಯಲ್ಲಿದ್ದ ಟ್ರಂಕಿನ ಕೀಲಿ ಬಿಚ್ಚಿ ಅವರ ಕೈಯಲ್ಲಿಟ್ಟೆ. ನನ್ನ ಸಿಟ್ಟು ಪೂರಾ ಸುಳ್ಳಾಗಿರಲಿಲ್ಲ. ಆದರೂ ಅಂದ ಮಾತು ಅಂದದ್ದೇ.

ಇಷ್ಟಾದರೂ ಆ ಪಾತ್ರೆಯ ಲೇಹ್ಯ ಎಳೆಯದಾಗಿತ್ತು, ಆರಿದರೂ ಹರಿದಾಡುತ್ತಿತ್ತು. ನಾಲಿಗೆ ಇಲ್ಲದೆ ಅತ್ತೆಗೆ ಹದ ಸಿಗಲಿಲ್ಲ. ಮತ್ತೆ ಒಲೆಯ ಮೇಲಿಡಬೇಕಾಯಿತು. ಚೂರು ತೆಗೆದು ನನ್ನ ಮುಂದೆ ಹಿಡಿದರು. "ನೀ ನೋಡು."

ನನಗೆ ಲೇಹ್ಯದ ವಾಸನೆಯೇ ಆಗದು. ಕಣ್ಣು ಮುಚ್ಚಿ ಬಾಯಿಗಿಟ್ಟೆ.

"ಹೆಂಗೈತಿ?"

"ಸಿಹಿ ಐತ್ರಿ."

"ಸಕ್ಕರಿ ಹಾಕಿದ್ದು ಸಿಹಿ ಇರದ ಏನಿರ್ತದ! ಹಿಪ್ಪಲಿ ಎಲ್ಲಿ ಹಿಡೀತು? ನಾಲಿಗಿ ಮ್ಯಾಲೋ, ಗಂಟಲಾಗೋ?"

"ಗೊತ್ತಾಗವಲ್ದು."

ಅತ್ತೆ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು. "ಇನ್ನೊಮ್ಮೆ ಇಡು. ಏನೂ ಹೇಳಬ್ಯಾಡ." ಇಟ್ಟೆ. ಅವರು ನನ್ನ ತುಟಿ, ಹುಬ್ಬು, ನುಂಗುವ ಗಂಟಲು ಎಲ್ಲವನ್ನೂ ಪಾಕ ನೋಡುವ ಕಣ್ಣಿನಿಂದಲೇ ನೋಡಿದರು. "ಇನ್ನೂ ಹಸೀ ಐತಿ. ಉರಿ ಹಚ್ಚು," ಎಂದರು. ಆಮೇಲೆ ಮತ್ತೊಮ್ಮೆ ನನ್ನ ಬಾಯಿಗಿಟ್ಟು, ಮುಖ ನೋಡಿ, "ಈಗ ಇಳಸು," ಎಂದರು. ಆರಿದ ಮೇಲೆ ನೋಡಿದರೆ ಎಂದಿನ ಪ್ರೇಮವ್ವನ ಲೇಹ್ಯ.

ತೊಟ್ಟು ಬಿಡಿಸುವ ಅಕ್ಬರಬಿ ಆ ವಾರ ಎಂದಿನಂತೆ ಡಬ್ಬಿಗೆ ಬಂದಳು. ಅತ್ತೆ ಡಬ್ಬಿ ಕೊಡುವ ಮೊದಲು, "ನಿನಗ ಶುಗರ್ ಐತೇನು?" ಎಂದು ಕೇಳಿದರು. ಅಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಅವರು ಯಾರಿಗೂ ಕೇಳಿರಲಿಲ್ಲ.

"ಐತವ್ವ, ಹೋದ ವರ್ಷ ಬಂದೈತಿ. ಆದ್ರ ಇದು ಔಷಧ ಅಲ್ಲೇನು? ದಿನಾ ಮುಂಜಾನಿ ಒಂದು, ಸಂಜೀಕ ಒಂದು ಚಮಚ, ಅಷ್ಟ."

"ಔಷಧ ಅಂದ್ರ ಅದರಾಗಿನ ಸಕ್ಕರಿ ಎಲ್ಲಿ ಹೋಗತೈತಿ? ಬ್ಯಾಡ."

"ಹಂಗಾರ ಬೆಲ್ಲದಾಗ ಮಾಡಿ ಕೊಡು. ಇಲ್ಲಾ ಬರೇ ಜೇನಿನಾಗ."

"ಡಾಕ್ಟರನ್ನ ಕೇಳೇನಿ. ಮೈಯಾಗ ಹೋದ ಮ್ಯಾಲ ಎಲ್ಲಾ ಒಂದ." ಸಕ್ಕರೆ ಹಾಕದೆ ಒಣಗಿಸಿದ ನೆಲ್ಲಿಕಾಯಿ ಚೂರುಗಳ ಪೊಟ್ಟಣ ಕಟ್ಟಿ ಅವಳ ಕೈಗಿತ್ತರು. "ಇದನ್ನ ಬಾಯಾಗ ಇಟ್ಕೋ. ಮೂಗಿಗೆ ಅರಿವಿ ಕಟ್ಕೊಂಡು ಕೆಲಸ ಮಾಡು. ಕಾಲು ದಿನಾ ನೋಡ್ಕೋ." ತಮ್ಮ ಪಟ್ಟಿ ಬಿಚ್ಚಿ ಬೆರಳು ತೋರಿಸಿದರು. ಅಕ್ಬರಬಿ ಅಲ್ಲೇ ಕಟ್ಟೆಯ ಮೇಲೆ ಕೂತು ತನ್ನ ಎರಡೂ ಪಾದ ತಿರುವಿ ನೋಡಿಕೊಂಡಳು.

ಹುಬ್ಬಳ್ಳಿಗೆ ಹೋಗುವುದು ತಪ್ಪಿತು. ಮಧ್ಯಾಹ್ನದ ಸಕ್ಕರೆ ನಿಧಾನಕ್ಕೆ ಇಳಿಯಿತು. ಬೆರಳ ತುದಿಯ ಕಪ್ಪು ಮೇಲೇರದೆ ಒಣಗಿ, ಉಗುರಿನ ಜೊತೆ ಒಂದು ಚೂರು ಉದುರಿತು. ಉಳಿದದ್ದಕ್ಕೆ ಹೊಸ ಚರ್ಮ ಬಂದಿದೆ. ನನಗೂ ಡಾಕ್ಟರಮ್ಮ ಎಚ್ಚರಿಕೆ ಕೊಟ್ಟಿದ್ದಾರೆ, ಹಾಗಾಗಿ ಸಾಸಿವೆಯಷ್ಟೇ ನೋಡುತ್ತೇನೆ, ಅತ್ತೆ ಆಚೆ ತಿರುಗಿದಾಗ ಉಗುಳಿ ಬಾಯಿ ತೊಳೆಯುತ್ತೇನೆ. ಅವರಿಗೆ ಗೊತ್ತಿದೆ. ಅದಕ್ಕೇ ಆಚೆ ತಿರುಗುತ್ತಾರೆ.

ಈಗಲೂ ದಿನಾ ಒಲೆ ಉರಿಯುತ್ತದೆ. ಪಾಕ ಬಲಿಯುತ್ತಿದ್ದಂತೆ ಅತ್ತೆಯ ಬೆರಳು ಹುಟ್ಟಿನ ತುದಿ ಬಳಿದುಕೊಂಡು ತಾನಾಗಿಯೇ ಅವರ ಬಾಯಿಯ ಕಡೆ ಹೊರಡುತ್ತದೆ. ನಾನು ಈಗ ಕೆಮ್ಮುವುದಿಲ್ಲ. ಅದು ಅರ್ಧ ದಾರಿಯಲ್ಲಿ ನಿಂತು, ತಿರುಗಿ, ನನ್ನ ತುಟಿಯ ಹತ್ತಿರ ಬರುತ್ತದೆ.